ಮನೆ ಬಿಟ್ಟರೂ ಬಿಡದ ಇಂಟರ್ನೆಟ್ ಬಿಲ್

ಕಳೆದ ಜೂನ್ 10ರಂದು ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಮೈಸೂರಿಗೆ ಬಂದೆವು. ಹೊರಡುವ ಮೊದಲು ಮನೆಯ ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿ, 'ಹತ್ತನೇ ತಾರೀಖಿಗೆ ಕನೆಕ್ಷನ್ ಕಟ್ ಮಾಡಿ' ಎಂದು ಹೇಳಿದ್ದೆ. 'ಆಯ್ತು ಸರ್' ಎಂದರು. ಒಂಬತ್ತರ ಸಂಜೆ ಒಬ್ಬ ಹುಡುಗ ಬಂದು ರೂಟರ್ ಬಿಚ್ಚಿಕೊಂಡು ಹೋದ. ಕನೆಕ್ಷನ್ ಕೊಡುವಾಗ ಕಟ್ಟಿಸಿಕೊಂಡಿದ್ದ 1500 ರೂಪಾಯಿ ಡೆಪಾಸಿಟ್ ಇನ್ನೇನು ಬಂದುಬಿಡುತ್ತದೆ ಎಂದುಕೊಂಡೆ. ಜುಲೈನಲ್ಲಿ ಬಂದದ್ದು ಹಣವಲ್ಲ, ಇನ್ನೂ 1008 ರೂಪಾಯಿ ಕಟ್ಟಿ ಎಂಬ ಬಿಲ್.

ನನ್ನ ಲೆಕ್ಕವೇ ಬೇರೆ ಇತ್ತು. ತಿಂಗಳ ಪ್ಲ್ಯಾನ್ 600 ರೂಪಾಯಿ, ಶೇಕಡಾ 18 ಜಿಎಸ್‌ಟಿ ಸೇರಿ 708. ಮೇ ಬಿಲ್ ಕಟ್ಟಿಯಾಗಿತ್ತು. ಜೂನ್‌ನಲ್ಲಿ ಬಳಸಿದ್ದು 10 ದಿನ, ಅಂದರೆ ಮೂರನೇ ಒಂದು ಭಾಗ, 236 ರೂಪಾಯಿ. ಅದನ್ನು ಡೆಪಾಸಿಟ್‌ನಲ್ಲಿ ಕಳೆದು 1264 ವಾಪಸ್ ಬರಬೇಕಿತ್ತು. ಕಂಪನಿಯ ಬಿಲ್‌ನಲ್ಲಿ ಜೂನ್ ಇಡೀ ತಿಂಗಳಿಗೆ 708, 'ರೂಟರ್ ವಾಪಸ್ ಬಂದಿಲ್ಲ' ಎಂದು 1800. ಒಟ್ಟು 2508. ಅದರಲ್ಲಿ ಡೆಪಾಸಿಟ್ ಮುರಿದುಕೊಂಡು ಉಳಿದದ್ದು ನನ್ನ ಬಾಕಿ.

ಕೊನೆಯ ಬಿಲ್ ನಾವು ಮನೆ ಬಿಟ್ಟ ದಿನಕ್ಕೆ ನಿಲ್ಲುವುದಿಲ್ಲ, ಕಂಪನಿಯ ಕಂಪ್ಯೂಟರ್‌ನಲ್ಲಿ ಕನೆಕ್ಷನ್ ಮುಚ್ಚಿದ ದಿನಕ್ಕೆ ನಿಲ್ಲುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ನನ್ನ ಫೋನಿನ ಮಾತು ಅಲ್ಲಿ ದಾಖಲಾಗಿರಲಿಲ್ಲ. ದಾಖಲಾಗಿದ್ದರೆ ಒಂದು ನಂಬರ್ ಹುಟ್ಟುತ್ತದೆ, ಅದರ ಎಸ್ಸೆಮ್ಮೆಸ್ ಬರುತ್ತದೆ. ಎಸ್ಸೆಮ್ಮೆಸ್ ಬಾರದಿದ್ದರೆ ಕೋರಿಕೆ ದಾಖಲಾಗಿಲ್ಲ ಎಂದೇ ತಿಳಿದುಕೊಳ್ಳಬೇಕು. ಆದ್ದರಿಂದ ಫೋನ್ ಮಾಡಿದರೂ, ಅದೇ ದಿನ ನೋಂದಾಯಿತ ಇಮೇಲ್‌ನಿಂದ ಎರಡು ಸಾಲು ಬರೆದು ಹಾಕಬೇಕು: ಗ್ರಾಹಕ ಸಂಖ್ಯೆ ಇಂಥದ್ದು, ಇಂಥ ದಿನಾಂಕಕ್ಕೆ ಮುಚ್ಚಿ, ಡೆಪಾಸಿಟ್ ಈ ಬ್ಯಾಂಕ್ ಖಾತೆಗೆ ಹಾಕಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮದ ಪ್ರಕಾರ ಕೋರಿಕೆ ಕೊಟ್ಟ 7 ಕೆಲಸದ ದಿನಗಳಲ್ಲಿ ಕನೆಕ್ಷನ್ ಮುಚ್ಚಬೇಕು, ಮುಚ್ಚಿದ ಮೇಲೆ 45 ದಿನಗಳಲ್ಲಿ ಡೆಪಾಸಿಟ್ ಮರಳಿಸಬೇಕು. ದಿನ ಎಣಿಸಲು ಶುರುಮಾಡಬೇಕಾದರೆ ಆ ಕೋರಿಕೆಯ ತಾರೀಖು ನಮ್ಮ ಕೈಯಲ್ಲಿರಲೇಬೇಕು. ಹಾಗಾಗಿ ಲಾರಿ ಬರುವ ಹಿಂದಿನ ದಿನ ಹೇಳಿದರೆ ಸಾಲದು, ಹತ್ತು ಹನ್ನೆರಡು ದಿನ ಮುಂಚೆಯೇ ಹೇಳಬೇಕು.

ರೂಟರ್ ವಿಷಯದಲ್ಲಿ ಮಾತ್ರ ನಾನು ಬಚಾವಾದೆ. ಹೆಂಡತಿ ಅದರ ತಳಭಾಗದ ಸೀರಿಯಲ್ ನಂಬರಿನ ಫೋಟೊ ತೆಗೆದಿದ್ದಳು, ಹುಡುಗ 'ತಗೊಂಡೆ ಮೇಡಂ' ಎಂದು ವಾಟ್ಸ್ಆ್ಯಪ್ ಮಾಡಿದ್ದ. ಅವನು ಅದನ್ನು ಆಫೀಸಿಗೆ ಒಪ್ಪಿಸಿದ್ದ, ಅಲ್ಲಿ ನನ್ನ ಹೆಸರಿಗೆ ಜಮಾ ಮಾಡಿರಲಿಲ್ಲ ಅಷ್ಟೆ. ಅಡಾಪ್ಟರ್ ಸಮೇತ ಕೊಟ್ಟು, ಸೀರಿಯಲ್ ನಂಬರ್ ಬರೆದ ರಶೀದಿಯನ್ನು ಅಲ್ಲಿಯೇ ಕೇಳಿ ಪಡೆಯುವುದು ಇದಕ್ಕಿಂತ ಎಷ್ಟೋ ಸುಲಭ.

ಬಿಲ್ ತಪ್ಪಾಗಿದ್ದರೆ ಕಟ್ಟದೆ ಸುಮ್ಮನಿರುವುದು ತಪ್ಪು ದಾರಿ. ಬಾಕಿ ಹಾಗೇ ಉಳಿಯುತ್ತದೆ, ವಸೂಲಿಯವರ ಫೋನ್ ಶುರುವಾಗುತ್ತದೆ. ಕಸ್ಟಮರ್ ಕೇರ್‌ನಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಬೇಕು. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ, ಎಷ್ಟೋ ಜನ ಅಲ್ಲಿಗೆ ಬರೆದು ಕಾಯುತ್ತಾ ಕೂರುತ್ತಾರೆ. ಅದರ ಬದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕರ ಆಯೋಗಕ್ಕೂ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಕನೆಕ್ಷನ್ ಯಾರ ಹೆಸರಿನಲ್ಲಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಮನೆ ಓನರ್ ಹೆಸರಿನಲ್ಲಿದ್ದರೆ ನೀವು ಕೊಟ್ಟ ಡೆಪಾಸಿಟ್ ಅವರ ಖಾತೆಗೇ ಹೋಗುತ್ತದೆ. ಆ ಲೆಕ್ಕವನ್ನು ಬಾಡಿಗೆ ಅಡ್ವಾನ್ಸ್ ವಾಪಸ್ ಪಡೆಯುವ ದಿನವೇ ಮುಗಿಸಬೇಕು. ಊರು ಬದಲಾಯಿತೆಂದು ಮೊಬೈಲ್ ನಂಬರನ್ನಾಗಲಿ ಬ್ಯಾಂಕ್ ಖಾತೆಯನ್ನಾಗಲಿ ಹಣ ಬರುವವರೆಗೂ ಬದಲಿಸಬೇಡಿ. ಖಾತೆ ಮುಚ್ಚಿದ್ದರೆ ಕಳಿಸಿದ ಹಣ ಕಂಪನಿಗೇ ಹಿಂದಿರುಗುತ್ತದೆ, ಅದು ಸುಲಭವಾಗಿ ನಮ್ಮ ಕಣ್ಣಿಗೂ ಬೀಳುವುದಿಲ್ಲ.

ನನ್ನ ದೂರಿನ ಮೇಲೆ ಫೋಟೊ ನೋಡಿ ರೂಟರಿನ 1800 ತೆಗೆದರು. ಜೂನ್ 10ಕ್ಕೆ ಮುಚ್ಚಲು ಹೇಳಿದ್ದೆ ಎಂಬುದಕ್ಕೆ ನನ್ನ ಬಳಿ ಆಧಾರವಿರಲಿಲ್ಲ. ಹಾಗಾಗಿ ಇಡೀ ತಿಂಗಳಿನ 708 ಹಿಡಿದುಕೊಂಡು ಉಳಿದ 792 ರೂಪಾಯಿ ಖಾತೆಗೆ ಹಾಕಿದರು. ಕಳಿಸದೆ ಬಿಟ್ಟ ಒಂದು ಇಮೇಲ್‌ಗೆ 472 ರೂಪಾಯಿ ಹೋಯಿತು.