ಉಸಿರು ಎಲ್ಲಿ ತಗೋಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ

ಪರಿಚಯದ ಮಾತು ಆಡೋಕೆ ನಿಂತವರ ದನಿ ನಡುಗೋದು ಎಲ್ಲಿ ಅಂತ ಒಮ್ಮೆ ಗಮನ ಕೊಟ್ಟು ಕೇಳಿ. 'ಎಲ್ಲರಿಗೂ ನಮಸ್ಕಾರ' ಸಾಮಾನ್ಯವಾಗಿ ಚೆನ್ನಾಗೇ ಬಂದಿರುತ್ತೆ. ಎರಡನೇ ವಾಕ್ಯದ ಮೊದಲರ್ಧವೂ ಪರವಾಗಿಲ್ಲ. ಅದರ ಕೊನೆಗೆ ಬರುವಾಗ ದನಿ ತೆಳುವಾಗುತ್ತೆ, ಕಡೆಯ ಎರಡು ಪದ ಬಾಯೊಳಗೇ ಉಳಿದುಬಿಡುತ್ತೆ, ಮುಂದಿನ ವಾಕ್ಯ ಶುರುವಾಗೋ ಮುಂಚೆ ಒಂದು ಏದುಸಿರು ಮೈಕಿನಲ್ಲಿ ಜೋರಾಗಿ ಕೇಳಿಸುತ್ತೆ. ಭಯ ಇದ್ದೇ ಇರುತ್ತೆ, ಸರಿ. ಆದರೆ ಆ ಜಾಗದಲ್ಲಿ ಖಾಲಿಯಾಗಿರೋದು ಉಸಿರು.

ನಾನು ಎಂಜಿನಿಯರಿಂಗ್ ಓದುವಾಗ ಕಾಲೇಜಿನ ನಾಟಕ ತಂಡದಲ್ಲಿದ್ದೆ. ನಾಟಕ ಕಲಿಸುತ್ತಿದ್ದ ಮೇಷ್ಟ್ರು ಮಾತು ಬಾಯಿಪಾಠ ಮಾಡೋಕೆ ಮೊದಲು ಪೆನ್ಸಿಲ್ ಕೊಡುತ್ತಿದ್ದರು: ಎಲ್ಲಿ ಉಸಿರು ತಗೋತೀಯ, ಗುರುತು ಹಾಕು ಅಂತ. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿದ್ದೇನೆ. ರಾಜ್ಯೋತ್ಸವ, ಎಂಜಿನಿಯರ್‌ಗಳ ದಿನ ಏನೇ ಬಂದರೂ ನಿರೂಪಣೆ ನನ್ನ ತಲೆಗೇ ಕಟ್ಟುತ್ತಾರೆ. ಹೋದ ಸಲ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುವ ಮುಂಚೆ ಅವರ ಬಗ್ಗೆ ಒಂದು ನಿಮಿಷ ಮಾತಾಡುವ ಕೆಲಸ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ ಬಂತು. ಎರಡು ದಿನ ಮುಂಚೆ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಬಂದು ಕೂತಳು. 'ಅಕ್ಕಾ, ಮೂರನೇ ಲೈನಿಗೆ ಬರೋಷ್ಟರಲ್ಲಿ ಉಸಿರೇ ಇರಲ್ಲ. ಮನೇಲಿ ಕನ್ನಡಿ ಮುಂದೇನೂ ಹೀಗೇ ಆಗ್ತಿದೆ.'

ಅವಳು ಬರೆದುಕೊಂಡಿದ್ದು ಹೀಗಿತ್ತು:

ಸರ್ ಎಂ. ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ ಜನಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿ, 1912ರಲ್ಲಿ ಮೈಸೂರು ಸಂಸ್ಥಾನದ ದಿವಾನರಾಗಿ ಸೇವೆ ಆರಂಭಿಸಿ, 1955ರಲ್ಲಿ ಭಾರತ ರತ್ನ ಪ್ರಶಸ್ತಿಗೆ ಪಾತ್ರರಾದರು.

ಇಷ್ಟೂ ಒಂದೇ ವಾಕ್ಯ! ಓದೋಕೆ ಇದರಲ್ಲಿ ತಪ್ಪಿಲ್ಲ. ಹೇಳೋಕೆ ಮಾತ್ರ ಕಷ್ಟ, ಅದಕ್ಕೆ ಕಾರಣ ನಮ್ಮ ಭಾಷೆಯ ಕಟ್ಟಡದಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಜನಿಸಿ, ಮಾಡಿ, ಅಳವಡಿಸಿ ಅಂತ ಎಷ್ಟು ಬೇಕಾದರೂ ಪೋಣಿಸುತ್ತಾ ಹೋಗಬಹುದು, ವಾಕ್ಯ ಮುಗಿಯೋದಿಲ್ಲ. ಟೆನ್ಷನ್ ಆದವರಿಗೆ ವಾಕ್ಯ ಮುಗಿಯದೆ ನಿಲ್ಲಿಸೋಕೆ ಧೈರ್ಯ ಬರಲ್ಲ, ಮರೆತುಹೋಯ್ತು ಅಂದುಕೊಂಡಾರು ಅನ್ನೋ ಅಳುಕು. ಹಾಗಾಗಿ ಒಂದೇ ಉಸಿರಿನಲ್ಲಿ ಓಡುತ್ತಾರೆ. ಉಸಿರು ಮುಗಿಯುವ ಜಾಗಕ್ಕೇ ಸರಿಯಾಗಿ ಭಾರತ ರತ್ನವೂ 'ಪಾತ್ರರಾದರು' ಕೂಡ ನಿಂತಿರುತ್ತೆ. ಕೇಳುವವರಿಗೆ ಬೇಕಾದ ಪದ, ಹೇಳುವವಳ ಹತ್ತಿರ ಗಾಳಿ ಇಲ್ಲದಿರೋ ಪದ, ಎರಡೂ ಒಂದೇ.

ಆದ್ದರಿಂದ ಉಸಿರಾಟದ ಅಭ್ಯಾಸಕ್ಕಿಂತ ಮೊದಲು ವಾಕ್ಯ ಒಡೆದೆವು. ಟಿಶ್ಯೂ ಪೇಪರ್ ಮೇಲೆ ಬರೆದು, ಒಂದು ಗೀಟು ಅಂದರೆ ಅರೆಕ್ಷಣದ ನಿಲುಗಡೆ, ಎರಡು ಗೀಟು ಅಂದರೆ ಪೂರ್ತಿ ನಿಂತು ಉಸಿರು ತಗೊಳ್ಳೋ ಜಾಗ ಅಂತ ಗುರುತು ಹಾಕಿದೆವು:

ಎಲ್ಲರಿಗೂ ನಮಸ್ಕಾರ. //
ಇವತ್ತು ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನ. //
ಈ ದಿನ ಹುಟ್ಟಿದವರು / ಸರ್ ಎಂ. ವಿಶ್ವೇಶ್ವರಯ್ಯ. //
ಊರು, ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿ. / ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. //
ಆ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ / ತಾವೇ ರೂಪಿಸಿದ ಗೇಟುಗಳನ್ನು ಹಾಕಿಸಿದರು. //
ನೀರು ಮಟ್ಟ ಮೀರಿದರೆ / ಆ ಗೇಟುಗಳು ತಾವಾಗೇ ತೆರೆದುಕೊಳ್ಳುತ್ತಿದ್ದವು. //
1912ರಲ್ಲಿ ಮೈಸೂರಿನ ದಿವಾನರಾದರು. //
1955ರಲ್ಲಿ ಅವರಿಗೆ / ಭಾರತ ರತ್ನ ಬಂತು. //

ಗೀಟು ಎಲ್ಲಿ ಬೇಕೋ ಅಲ್ಲಿ ಹಾಕೋಕೆ ಆಗಲ್ಲ. 'ತಾವೇ ರೂಪಿಸಿದ / ಗೇಟುಗಳನ್ನು' ಅಂತ ನಿಲ್ಲಿಸಿದರೆ ಕೇಳುವವರ ಕಿವಿ ತೂಗುಯ್ಯಾಲೆಯಲ್ಲಿ ನಿಂತುಬಿಡುತ್ತೆ, ಯಾಕಂದ್ರೆ 'ರೂಪಿಸಿದ' ಅನ್ನೋದು ಮುಂದಿನ ಪದಕ್ಕೆ ಅಂಟಿಕೊಂಡಿದೆ. 'ಹತ್ತಿರದ', 'ಮೈಸೂರಿನ' ಇವೂ ಹಾಗೇ. 'ಜಲಾಶಯಕ್ಕೆ', '1903ರಲ್ಲಿ', 'ಮೀರಿದರೆ' ಇಂಥವುಗಳ ನಂತರ ನಿಂತರೆ ಯಾರಿಗೂ ಏನೂ ಅನ್ನಿಸಲ್ಲ. ಇನ್ನೊಂದು ಚಿಕ್ಕ ವಿಷಯ: ಇಸವಿಗಳನ್ನು ಕಾರ್ಡಿನಲ್ಲಿ ಅಕ್ಷರದಲ್ಲೇ ಬರೆದುಕೊಳ್ಳಿ. 'ಸಾವಿರದ ಒಂಬೈನೂರ ಮೂರು' ಬಾಯಲ್ಲಿ ಉದ್ದ, ಗಾಬರಿಯಲ್ಲಿ ಅಂಕಿ ನೋಡಿ ಅದನ್ನು ಕಟ್ಟುವಾಗಲೇ ಎಷ್ಟೋ ಜನ ತೊದಲೋದು.

ಇನ್ನು ಉಸಿರು. ವೇದಿಕೆ ಹತ್ತುವವರಿಗೆ ಎಲ್ಲರೂ ಹೇಳೋ ಬುದ್ಧಿಮಾತು ಒಂದೇ: ದೊಡ್ಡದಾಗಿ ಉಸಿರು ತಗೋ. ನನಗೆ ಈ ಸಲಹೆ ಇಷ್ಟವಿಲ್ಲ. ಗಾಬರಿಯಾದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಆಡ್ತಿರುತ್ತೆ, ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಿರೋದೇ ಇಲ್ಲ. ಅದರ ಮೇಲೆ ಇನ್ನಷ್ಟು ಎಳೆದುಕೊಂಡರೆ ಎದೆ ಬಿಗಿದು, ಭುಜ ಕಿವಿ ಹತ್ತಿರ ಬರುತ್ತೆ. ಹಾಗೇ ಜೋರು ಜೋರಾಗಿ ಉಸಿರಾಡುತ್ತಾ ಹೋದರೆ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರವಾಗುತ್ತೆ, ಬೆರಳ ತುದಿ ಜುಮ್ಮೆನ್ನುತ್ತೆ. ಅದನ್ನೂ ಜನ ಭಯ ಅಂದುಕೊಂಡು ಇನ್ನೂ ಹೆದರುತ್ತಾರೆ.

ಮೊದಲು ಬಿಡಬೇಕು. ಉಸಿರು ಒಳಗೆ ಎಳೆದುಕೊಳ್ಳುವಾಗ ಹೃದಯದ ಬಡಿತ ಸ್ವಲ್ಪ ಜೋರಾಗುತ್ತೆ, ಬಿಡುವಾಗ ಸ್ವಲ್ಪ ನಿಧಾನವಾಗುತ್ತೆ. ಸುಮ್ಮನೆ ಕೂತು ಮಣಿಕಟ್ಟಿನ ನಾಡಿ ಹಿಡಿದು ನಿಧಾನಕ್ಕೆ ಉಸಿರಾಡಿದರೆ ಎಷ್ಟೋ ಜನರಿಗೆ ಇದು ಬೆರಳಿಗೇ ಗೊತ್ತಾಗುತ್ತೆ. ಹಾಗಾಗಿ ಬಿಡುವ ಉಸಿರು ಉದ್ದ ಇರಬೇಕು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ಆರು ಎಣಿಸುವಷ್ಟು ಹೊರಗೆ. ಹೀಗೆ ಆರು ಸಲ ಮಾಡಿದರೆ ಒಂದು ನಿಮಿಷ ಆಗುತ್ತೆ. ನಡುವೆ ಉಸಿರು ಹಿಡಿದಿಡೋದು ಬೇಡ. ನಮ್ಮ ಹುಡುಗಿಗೆ ಹೆಸರು ಕರೆಯೋಕೆ ಮುಂಚಿನ ಒಂದು ನಿಮಿಷ ಇದನ್ನೇ ಮಾಡು ಅಂದೆ. ತಲೆ ಹಗುರ ಅನ್ನಿಸಿದರೆ ತುಂಬಾ ಜೋರಾಗಿ ಎಳೀತಿದ್ದೀಯ ಅಂತ ಅರ್ಥ, ಆಗ ಎಣಿಕೆ ಬಿಟ್ಟು ಮಾಮೂಲಿಯಾಗಿ ಉಸಿರಾಡು ಅಂತಲೂ ಹೇಳಿದ್ದೆ.

ಮೈಕಿನ ಮುಂದೆ ಹೋದ ಮೇಲೆ ಎಣಿಸುತ್ತಾ ನಿಲ್ಲೋಕೆ ಆಗಲ್ಲ. ಅಲ್ಲಿ ಎಣಿಕೆಯ ಕೆಲಸ ಮಾಡೋದು ಎರಡು ಗೀಟುಗಳು. ವಾಕ್ಯ ಮುಗಿದ ಮೇಲೆ ಬಾಯಿ ಮುಚ್ಚಿದರೆ ಸಾಕು, ಮೂಗಿನಿಂದ ಉಸಿರು ತಾನಾಗೇ ಒಳಗೆ ಬರುತ್ತೆ, ಎಳೀಬೇಕಾಗಿಲ್ಲ. ಬಾಯಿ ತೆರೆದು ಎಳೆದಾಗಲೇ ಆ ಏದುಸಿರಿನ ಸದ್ದು ಬರೋದು. ಮೊದಲ ನಿಲುಗಡೆ ಮಾತಿಗೂ ಮುಂಚೆಯೇ ಇದೆ: ಹೋಗಿ ನಿಲ್ಲು, ಎರಡೂ ಪಾದ ನೆಲಕ್ಕೆ ಊರು, ಇರೋ ಉಸಿರು ಬಿಡು, ಹಿಂದಿನ ಸಾಲಿನಲ್ಲಿ ಯಾರನ್ನಾದರೂ ನೋಡು, ಆಮೇಲೆ 'ಎಲ್ಲರಿಗೂ ನಮಸ್ಕಾರ'.

ಅವಳ ತಕರಾರು ಇದ್ದಿದ್ದೇ ಇಲ್ಲಿ. 'ಅಷ್ಟೊತ್ತು ಸುಮ್ನೆ ನಿಂತ್ರೆ ಎಲ್ರೂ ನೋಡ್ತಿರ್ತಾರಲ್ಲ ಅಕ್ಕಾ?' ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಖಾಲಿ ಮೀಟಿಂಗ್ ರೂಮಿನಲ್ಲಿ ಅವಳು ಒಂದೊಂದು ಎರಡು ಗೀಟಿಗೂ 'ಮೂರು ನಾಲ್ಕು ಸೆಕೆಂಡ್ ನಿಂತೆ' ಅಂದುಕೊಂಡಿದ್ದಳು. ರೆಕಾರ್ಡಿಂಗ್‌ನಲ್ಲಿ ಅದು ಒಂದು ಸೆಕೆಂಡ್ ಕೂಡ ಇರಲಿಲ್ಲ! ಹೃದಯ ಓಡುವಾಗ ಒಳಗಿನ ಗಡಿಯಾರವೂ ಓಡುತ್ತೆ, ಅದನ್ನು ನಂಬಬಾರದು. ಮೊದಲ ಸಲ ಇಡೀ ಮಾತು 27 ಸೆಕೆಂಡಿನಲ್ಲಿ ಮುಗಿದಿತ್ತು. ನಾಲ್ಕನೇ ಸಲಕ್ಕೆ 48. ಕೇಳಿಸಿಕೊಂಡು ಅವಳೇ ಅಂದಳು, 'ಇದು ನಿಧಾನ ಅಂತ ಅನ್ನಿಸ್ತಾನೇ ಇಲ್ವಲ್ಲ.'

ಒತ್ತಿನ ವಿಷಯಕ್ಕೆ ಬಂದರೆ, ಅವಳು ಮೊದಲು ಊರು, ಇಸವಿ, ಪ್ರಶಸ್ತಿ ಎಲ್ಲದಕ್ಕೂ ಒತ್ತು ಕೊಟ್ಟಿದ್ದಳು. ಒತ್ತು ಅಂದರೆ ಜೋರು ಅಂತ ಅಂದುಕೊಂಡಿದ್ದಳು ಬೇರೆ. ಗಾಬರಿಯಲ್ಲಿ ದನಿ ಜೋರು ಮಾಡಿದರೆ ಜೊತೆಗೆ ಸ್ವರವೂ ಮೇಲೇರಿ ಗಂಟಲು ಬಿಗಿಯುತ್ತೆ, ನಡುಕ ಇನ್ನೂ ಎದ್ದು ಕಾಣುತ್ತೆ. ಒತ್ತು ಕೊಡೋಕೆ ಇನ್ನೊಂದು ದಾರಿ ಇದೆ: ಪದದ ಮುಂಚೆ ಚೂರು ನಿಂತು, ಪದವನ್ನು ನಿಧಾನವಾಗಿ, ಅದೇ ಸ್ವರದಲ್ಲಿ ಅಥವಾ ಸ್ವಲ್ಪ ತಗ್ಗಿಸಿ ಹೇಳೋದು. ಯಾವ ಪದ ಅನ್ನೋದಕ್ಕೂ ಕನ್ನಡವೇ ಸುಳಿವು ಕೊಡುತ್ತೆ. ಕ್ರಿಯಾಪದದ ಪಕ್ಕದಲ್ಲಿ ಅದಕ್ಕೆ ಮುಂಚೆ ಕೂತ ಪದಕ್ಕೆ ನಮ್ಮಲ್ಲಿ ಸಹಜವಾಗೇ ತೂಕ ಜಾಸ್ತಿ. 'ಅವರಿಗೆ ಭಾರತ ರತ್ನ 1955ರಲ್ಲಿ ಬಂತು' ಅಂದರೆ ಕಿವಿ ಇಸವಿಯನ್ನು ಹಿಡಿಯುತ್ತೆ. '1955ರಲ್ಲಿ ಅವರಿಗೆ ಭಾರತ ರತ್ನ ಬಂತು' ಅಂದರೆ ಪ್ರಶಸ್ತಿಯನ್ನು. ಪದ ಸರಿಯಾದ ಜಾಗದಲ್ಲಿದ್ದರೆ ಗಂಟಲಿಗೆ ಅರ್ಧ ಕೆಲಸ ಉಳಿಯುತ್ತೆ. 'ತಾವಾಗೇ' ಅನ್ನೋದರಲ್ಲಿ ಆ ಕೊನೆಯ 'ಏ' ಕೂಡ ಒತ್ತಿನ ಗುರುತೇ, ಅದನ್ನು ಚೂರು ಎಳೆದರೆ ಸಾಕು. ಇಡೀ ಮಾತಿನಲ್ಲಿ ಅವಳಿಗೆ ಮೂರೇ ಪದ ಉಳಿಸಿದೆ: ವಿಶ್ವೇಶ್ವರಯ್ಯ, ತಾವಾಗೇ, ಭಾರತ ರತ್ನ. ಮೂರಕ್ಕೂ ಅಡಿಗೆರೆ ಎಳೆದಳು. ಮಾತಾಡುವಾಗ 'ಮುಂದಿನ ಅಡಿಗೆರೆ ಎಲ್ಲಿ' ಅಂತ ಹುಡುಕೋ ಕೆಲಸ ತಲೆಗೆ ಸಿಕ್ಕರೆ, 'ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ' ಅನ್ನೋದಕ್ಕೆ ಜಾಗ ಕಡಿಮೆ.

ಇದರಿಂದ ಎದೆಬಡಿತ ನಿಲ್ಲಲ್ಲ. ಅವಳಿಗೂ ಆ ದಿನ ಕೈ ನಡುಗುತ್ತಿತ್ತು. ಎ4 ಹಾಳೆ ಹಿಡಿದಿದ್ದರೆ ಹಾಳೆ ಪಟಪಟ ಅಂದು ಹಿಂದಿನ ಸಾಲಿಗೂ ಗೊತ್ತಾಗುತ್ತಿತ್ತು. ಅಂಗೈ ಅಗಲದ ದಪ್ಪ ಕಾರ್ಡ್ ಆದ್ದರಿಂದ ಯಾರಿಗೂ ಕಾಣಲಿಲ್ಲ. ಖಡಕ್‌ವಾಸ್ಲಾ ಹತ್ತಿರ ಒಂದು ಗೀಟು ಹಾರಿಸಿ ಮುಂದೆ ಹೋದಳು, ಮುಂದಿನ ಎರಡು ಗೀಟಿಗೆ ನಿಂತು ಸರಿ ಮಾಡಿಕೊಂಡಳು. ಮಾತಿಗೆ ವಾರಗಟ್ಟಲೆ ಮುಂಚೆಯೇ ನಿದ್ದೆ ಕೆಡೋದು, ಹೆದರಿ ಆಫೀಸಿಗೇ ರಜೆ ಹಾಕೋದು, ಇಂಥದ್ದೆಲ್ಲ ಆಗ್ತಿದ್ದರೆ ಗೀಟು, ಅಡಿಗೆರೆಗೆ ನಿಲ್ಲುವ ವಿಷಯ ಅಲ್ಲ ಅದು. ಡಾಕ್ಟರ್ ಹತ್ತಿರ ಮಾತಾಡೋದು ಒಳ್ಳೇದು.

ನಮ್ಮಲ್ಲಿ ಹೆಚ್ಚಿನವರಿಗೆ ವೇದಿಕೆಗಿಂತ ಜಾಸ್ತಿ ಬರೋದು ಕ್ಲೈಂಟ್ ಕಾಲ್‌ನಲ್ಲಿ ಸ್ವಂತ ಪರಿಚಯ ಹೇಳೋ ಸರದಿ. ಅಲ್ಲೂ ಗೀಟು ಕೆಲಸ ಮಾಡುತ್ತೆ, ಒಂದು ಬದಲಾವಣೆಯ ಜೊತೆ. ಕಾಲ್‌ನಲ್ಲಿ ಎರಡು ಸೆಕೆಂಡ್ ಸುಮ್ಮನಾದರೆ ಆ ಕಡೆಯವರು ನೆಟ್‌ವರ್ಕ್ ಹೋಯ್ತು ಅಂದುಕೊಂಡು 'ಹಲೋ, ಹಲೋ' ಶುರು ಮಾಡುತ್ತಾರೆ. ಆದ್ದರಿಂದ ಉದ್ದದ ಉಸಿರನ್ನು ನಿಮ್ಮ ಹಿಂದಿನವರು ಮಾತಾಡುವಾಗ, ಮ್ಯೂಟ್‌ನಲ್ಲಿದ್ದಾಗಲೇ ಮುಗಿಸಿಕೊಳ್ಳಿ. ಅನ್‌ಮ್ಯೂಟ್ ಮಾಡಿದ ಮೇಲಿನ ನಿಲುಗಡೆ ಒಂದು ಸೆಕೆಂಡ್ ಒಳಗಿರಲಿ. ಹೆಡ್‌ಸೆಟ್‌ನ ಮೈಕ್ ತುಟಿಯ ನೇರಕ್ಕಿದ್ದರೆ ಚೂರು ಗಲ್ಲದ ಕಡೆ ತಿರುಗಿಸಿ, ಇಲ್ಲದಿದ್ದರೆ ನೀವು ಬಿಡುವ ಉಸಿರೆಲ್ಲ ಆ ಕಡೆಯವರಿಗೆ ಬಿರುಗಾಳಿ ಥರ ಕೇಳಿಸುತ್ತೆ.