ಪವರ್ ಬ್ಯಾಂಕಿನ ಬೇನೆ ಎಲ್ಲಿದೆ?

ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಗುರುಮಠಕಲ್ಲಿನಲ್ಲಿ ಪವರ್ ಬ್ಯಾಂಕ್ ಕೈಕೊಟ್ಟಿತೆಂದರೆ, "ಸೆಲ್ ಹೋಗಿದೆ" ಎಂದು ತೀರ್ಪು ಹೇಳಿಬಿಡುವುದು ವಾಡಿಕೆ. ಸೆಕೆ ಲಿಥಿಯಂ ಸೆಲ್ಲಿನ ಆಯುಸ್ಸನ್ನು ಕುಗ್ಗಿಸುವುದು ನಿಜವೇ. ಆದರೆ ಆ ಪೆಟ್ಟಿಗೆಯಲ್ಲಿ ಸೆಲ್ಲಿನ ಜೊತೆಗೆ ಒಂದು ಬೋರ್ಡೂ ಇದೆ, ಸೆಲ್ಲಿನ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸಿ ಫೋನಿಗೆ ಕೊಡುವುದು ಅದರ ಕೆಲಸ. ಬೇನೆ ಯಾರದೆಂದು ತಿಳಿಯದೆ ಮದ್ದು ಮಾಡುವುದು ಹೇಗೆ?

ಮೊದಲು ಕೇಬಲ್ ಬದಲಿಸಿ ನೋಡಬೇಕು. ಆಮೇಲೆ ಪೂರ್ತಿ ತುಂಬಿಸಿ ಫೋನಿಗೆ ಜೋಡಿಸಬೇಕು. ನಾಲ್ಕೂ ದೀಪ ಬೆಳಗಿ, ಕೆಲವೇ ನಿಮಿಷಗಳಲ್ಲಿ ನಂದಿ, ತುಸು ವಿಶ್ರಾಂತಿಯ ನಂತರ ಮತ್ತೆ ಬೆಳಗಿದರೆ ಅದು ಸವೆದ ಸೆಲ್ಲಿನ ಲಕ್ಷಣ. ಭಾರ ಬಿದ್ದೊಡನೆ ಅದರ ವೋಲ್ಟೇಜು ಕುಸಿಯುತ್ತದೆ, ಬೋರ್ಡು ಬಾಗಿಲು ಮುಚ್ಚುತ್ತದೆ. ಇಂಥ ಸೆಲ್ಲು ಬೇಗನೆ ತುಂಬುತ್ತದೆ, ಬೇಗನೆ ಬರಿದೂ ಆಗುತ್ತದೆ. ದೀಪಗಳೆಲ್ಲ ಸರಿಯಿದ್ದು, ಯಾವ ಫೋನಿಗೂ ಒಂದು ಕ್ಷಣವೂ ವಿದ್ಯುತ್ ಹರಿಯದಿದ್ದರೆ ಸಂಶಯ ಬೋರ್ಡಿನ ಮೇಲೆ ತಿರುಗಬೇಕು. ಇಯರ್‌ಫೋನಿನಂಥ ಅಲ್ಪಾಹಾರಿಗೆ ಜೋಡಿಸಿದಾಗ ಪವರ್ ಬ್ಯಾಂಕ್ ತಾನಾಗಿ ಆರಿದರೆ ಅದು ರೋಗವಲ್ಲ. ಬಳಕೆ ತೀರ ಕಡಿಮೆಯಿದ್ದರೆ ನಿದ್ರಿಸುವುದು ಹಲವು ಬೋರ್ಡುಗಳ ಸ್ವಭಾವ.

ಇನ್ನು, ಸುಮ್ಮನಿಟ್ಟರೂ ಬರಿದಾಗುವ ಬೇನೆ. ನನ್ನ 10,000 ಮಿಲಿಆಂಪಿಯರ್ ಗಂಟೆಯ ಪವರ್ ಬ್ಯಾಂಕನ್ನು ತುಂಬಿಸಿ ಕಪಾಟಿನಲ್ಲಿಟ್ಟರೆ ಹತ್ತು ದಿನಕ್ಕೆ ಪೂರ್ಣ ಖಾಲಿ. ಹತ್ತು ದಿನವೆಂದರೆ 240 ಗಂಟೆ. ಭಾಗಿಸಿದರೆ ಎಡೆಬಿಡದೆ ಸುಮಾರು 42 ಮಿಲಿಆಂಪಿಯರ್ ಸೋರುತ್ತಿದೆಯೆಂದಾಯಿತು. ಒಳ್ಳೆಯ ಸೆಲ್ಲು ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ನೂರಕ್ಕೆ ಎರಡು ಮೂರು ಪಾಲು ಮಾತ್ರ. ನಿದ್ರಿಸುವ ಬೋರ್ಡಿನ ಖರ್ಚು ಒಂದು ಮಿಲಿಆಂಪಿಯರಿನ ಸಣ್ಣ ತುಣುಕು. ಹಾಗಾದರೆ ಕಳ್ಳ ಯಾರು?

ಲೆಕ್ಕ ಇಷ್ಟಕ್ಕೇ ನಿಲ್ಲುತ್ತದೆ. ಮುಂದಿನದು ರಿಪೇರಿಯವನ ಕೆಲಸ. ಸೆಲ್ಲಿನ ಎರಡು ತುದಿ ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತೀತು, ಆದ್ದರಿಂದ ಮನೆಯಲ್ಲಿ ಬಿಚ್ಚಬಾರದು. ಹೊಟ್ಟೆ ಉಬ್ಬಿದ ಸೆಲ್ಲಿಗಂತೂ ಯಾವ ಪರೀಕ್ಷೆಯೂ ಬೇಡ; ಚುಚ್ಚದೆ, ಒತ್ತದೆ, ಮತ್ತೆ ಚಾರ್ಜಿಗಿಡದೆ ಇ-ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಬೇಕು.

ಪರಿಚಯದ ರಿಪೇರಿಯ ಹುಡುಗ ತುಂಬಿದ ಸೆಲ್ಲುಗಳನ್ನು ಬೋರ್ಡಿನಿಂದ ಬಿಡಿಸಿ, ಒಂದನ್ನೊಂದು ತಾಗದಂತೆ ಬೇರೆ ಬೇರೆಯಾಗಿಟ್ಟ. ಈ ಬೇರ್ಪಡಿಸುವಿಕೆಯೇ ಪರೀಕ್ಷೆಯ ಜೀವಾಳ. ಜೊತೆಯಾಗಿ ಜೋಡಿಸಿದ ಸೆಲ್ಲುಗಳಲ್ಲಿ ಒಂದು ಒಳಗೊಳಗೇ ಸೋರಿದರೂ ಉಳಿದವು ತಮ್ಮದನ್ನು ಅದಕ್ಕೆ ಸುರಿಯುತ್ತವೆ, ಬಿಡಿಬಿಡಿಯಾಗಿಟ್ಟಾಗ ಮಾತ್ರ ತಪ್ಪಿತಸ್ಥ ಸಿಗುತ್ತದೆ. ಮೊದಲ ದಿನ 4.15 ವೋಲ್ಟ್ ತೋರಿದ ಎರಡು ಸೆಲ್ಲುಗಳೂ ವಾರದ ಬಳಿಕ ಬಹುತೇಕ ಅಲ್ಲೇ ನಿಂತಿದ್ದವು. ಒಂದು ಸೆಲ್ಲು ಮೂರೂವರೆಗೆ ಇಳಿದಿದ್ದರೆ ಮಾತು ಬೇರೆಯಾಗುತ್ತಿತ್ತು. ಸೋರುತ್ತಿದ್ದುದು ಬೋರ್ಡು. ಅದನ್ನು ಬದಲಿಸಿ ಹತ್ತು ದಿನ ಕಪಾಟಿನಲ್ಲಿಟ್ಟು ತೆಗೆದಾಗ ನಾಲ್ಕೂ ದೀಪ ಬೆಳಗಿದವು.