ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದೇಕೆ?

ಮಲಗಿದ್ದವರು ದಿಢೀರನೆ ಎದ್ದು ನಿಂತರೆ ಸುಮಾರು ಅರ್ಧ ಲೀಟರ್ ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಕುಸಿಯುತ್ತದೆ. ಕತ್ತಿನ ಕ್ಯಾರೊಟಿಡ್ ರಕ್ತನಾಳಗಳಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಇರುವ ನರತುದಿಗಳು ನಿಜವಾಗಿ ಗುರುತಿಸುವುದು ನಾಳದ ಗೋಡೆ ಎಷ್ಟು ಹಿಗ್ಗಿದೆ ಎಂಬುದನ್ನು. ಹಿಗ್ಗು ತಗ್ಗಿದಾಗ ಅವು ಮಿದುಳುಕಾಂಡಕ್ಕೆ ಕಳಿಸುವ ಸಂಕೇತಗಳೂ ವಿರಳವಾಗುತ್ತವೆ. ಆಗ ವೇಗಸ್ ನರ ಹಿಡಿದಿದ್ದ ಬ್ರೇಕ್ ಸಡಿಲಗೊಂಡು ನಾಡಿ ತಕ್ಷಣ ಚುರುಕಾಗುತ್ತದೆ. ರಕ್ತನಾಳಗಳು ಬಿಗಿಯಾಗಲು ಮಾತ್ರ ಇನ್ನೂ ಕೆಲವು ಸೆಕೆಂಡು ಬೇಕು. ತಲೆ ಸುತ್ತುವುದು ಈ ಸಂದಿಯಲ್ಲೇ.

ಮಧುಮೇಹವಿರುವ ಹಿರಿಯರೊಬ್ಬರ ಮೇಲಿನ ಬಿಪಿ ಮಲಗಿದ್ದಾಗ 130 ಇತ್ತು, ನಿಂತು 3 ನಿಮಿಷವಾದರೂ 105ರಲ್ಲೇ ಇದೆ ಎನ್ನಿ. ಇಳಿಕೆ 20 ಮುಟ್ಟಿದರೇ ವೈದ್ಯರು ಅದನ್ನು ದೋಷವೆನ್ನುತ್ತಾರೆ. ಜೊತೆಗೆ ನಾಡಿಯೂ ಅಷ್ಟಾಗಿ ಏರದಿದ್ದರೆ ಅನುಮಾನ ನರಗಳ ಮೇಲೆ. ಚೆನ್ನಾಗಿ ಏರಿದ್ದರೆ, ಬಹುಶಃ ಮೈಯಲ್ಲಿ ನೀರು ಕಡಿಮೆಯಾಗಿದೆ.